ಮೇಸ್ತ್ರಿಯ ಊಟದ ಜವಾಬು

ಅಥವಾ ಮೇಸ್ತ್ರಿ ಹಾಗೆ ಹೇಳಲೇ ಇಲ್ಲವೇನೋ, ನಾನೇ ಆಮೇಲೆ ಕೂಡಿಸಿಕೊಂಡಿರಬಹುದು. ನನ್ನ ನೆನಪು ಮಾತುಗಳಿಗೆ ಮೆರುಗು ಹಾಕಿ ಇಡುತ್ತದೆ, ಅದಕ್ಕೇ ನನಗೆ ಅದರ ಮೇಲೆ ಗುಮಾನಿ. ನಿಜಾಮರ ಕಾಲ, ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಒಂದು ಕಂಪನಿ, ಅಲ್ಲಿ ನಾನು ಕಾರಕೂನ. ಇಷ್ಟು ಖಾತ್ರಿ.

ಶುಕ್ರವಾರ ಹೊಸ ಶೆಡ್ಡಿನ ಆರಂಭ. ಕರೆಯೋಲೆ ಹೋಗಿ ಬಹಳ ದಿನವಾಗಿದ್ದರೂ ಜವಾಬು ಕಳಿಸಿದವರು ಕಡಿಮೆ. ನಮ್ಮ ಕಡೆ ಒಮ್ಮೆ ಕರೆದರೆ ಕರೆದಂತಲ್ಲ, ಎರಡನೇ ಸಲ ನೆನಪು ಮಾಡಬೇಕು. ಪರಊರಿನವರಿಗೆ ಕಾರ್ಡು ಬರೆದೆ: ಜಹೀರಾಬಾದಿನವರು ವಿಕಾರಾಬಾದಿನಲ್ಲಿ ಗಾಡಿ ಬದಲಿಸಬೇಕು, ನಾರಾಯಣಖೇಡದವರು ಚಕ್ಕಡಿಯಲ್ಲಿ ಜಹೀರಾಬಾದಿಗೆ ಬಂದು ಅವರನ್ನೇ ಕೂಡಿಕೊಳ್ಳಬೇಕು, ತಾಂಡೂರು ಸ್ಟೇಷನ್ನಿನಲ್ಲಿ ಟಾಂಗಾ ಕಾದಿರುತ್ತದೆ, ಊಟ ಯಾವುದೆಂದು ಸಂತೆಗೆ ಮುಂಚೆ ತಿಳಿಸಬೇಕು. ಊಟ ಮೂರು ಬಗೆ: ಒಂದು ಪಂಕ್ತಿಗೆ ಬಿರಿಯಾನಿ, ಇನ್ನೊಂದಕ್ಕೆ ಹೋಳಿಗೆ. ಬೇರೆಯವರು ಬೇಯಿಸಿದ್ದನ್ನು ಉಣ್ಣದ ಬ್ರಾಹ್ಮಣರಿಗೆ ಶಿಧಾ, ಎಂದರೆ ಅಕ್ಕಿ, ಬೇಳೆ, ತುಪ್ಪ ಅಳೆದು ಕೊಡುವುದು. ಬೇಯಿಸಿಕೊಳ್ಳುವುದು ಅವರ ಪಾಡು.

ಊರವರನ್ನು ನಡೆದೇ ಕೇಳಿದೆ. ಕೊನೆಗೆ ಉಳಿದವನು ಗಣಿಯ ಮೇಸ್ತ್ರಿ. ಗಣಿಯ ಮೊದಲ ಕಲ್ಲುಪದರ ಎಬ್ಬಿಸಿದವನು ಅವನೆಂದು ಕಂಪನಿಯ ಮಾಲಕ ಸೇಠರು ತಾವೇ ಕರೆದಿದ್ದರು. ಅವನ ಮನೆ ಊರ ಹೊರಗಿನ ಕೇರಿಯಲ್ಲಿ. ಅವನು ಪಂಕ್ತಿಗೆ ಕೂತರೆ ತಾನು ಸೌಟು ಇಟ್ಟು ಹೋಗುತ್ತೇನೆಂದು ಹೋಳಿಗೆಯ ಅಡುಗೆಯವ ಹೇಳಿದ್ದ. ಬಿರಿಯಾನಿಯ ಪಂಕ್ತಿಗೆ ಬರುವ ಗೌಡರೂ ಅವನಿದ್ದರೆ ತಾವು ಕೂರುವುದಿಲ್ಲವೆಂದು ಹೇಳಿಕಳಿಸಿದ್ದರು. ನೀ ಹೋಗಿ ಕೇಳು, ಅವನೇ ಬೇಡವೆನ್ನುತ್ತಾನೆ ಎಂದು ಮ್ಯಾನೇಜರರು ನನ್ನನ್ನು ಕಳಿಸಿದರು.

ಗಣಿಯಲ್ಲಿ ನಾನು ಮೂರೂ ಬಗೆ ಹೇಳಿದೆ. ಅವನು ಕೊನೆಯವರೆಗೂ ಕೇಳಿಸಿಕೊಂಡ.

"ನನ್ನ ಪಂಕ್ತಿ ಎಲ್ಲಿ ಅದರೀ, ಕಾರಕೂನರೇ?"

ನಾನು ಪರಊರಿನವರಿಗೆ ಟಾಂಗಾ ಕಳಿಸುವ ವಿಷಯ ಹೇಳತೊಡಗಿದೆ.

"ಶಿಧಾ ಬರಕೋರಿ," ಎಂದ. "ಮೇಸ್ತ್ರಿ ಯಾರ ಕೈದೂ ಉಣ್ಣಾಂಗಿಲ್ಲಂತ ಬರಕೋರಿ."

ಪಕ್ಕದಲ್ಲಿ ಕಲ್ಲೊಡೆಯುತ್ತಿದ್ದವನು ನಕ್ಕ. "ಮಾವಾ, ಜನಿವಾರ ಯಾವಾಗ ಹಾಕ್ಕೊಂಡಿ?"

ಮೇಸ್ತ್ರಿ ನಗಲಿಲ್ಲ. "ತುಪ್ಪ ಮರೀಬ್ಯಾಡ್ರಿ," ಎಂದ ನನಗೆ.

ಹೇಳಿದಂತೆಯೇ ಬರೆದೆ. ಸೇಠರು ಓದಿ, ಉಳಿದವರಿಗೆ ಅಳೆದಷ್ಟೇ ಅವನಿಗೂ ಅಳೆಯಿರಿ ಎಂದರು. ಮ್ಯಾನೇಜರರು ತಲೆ ಎತ್ತಲಿಲ್ಲ. ಅಡುಗೆಯವನಿಗೆ ಸೌಟು ಇಡುವ ಕಾರಣ ಉಳಿಯಲಿಲ್ಲ.

ಶುಕ್ರವಾರ ಅವನು ಬಿಳಿ ರುಮಾಲು ಸುತ್ತಿಕೊಂಡು ಬಂದು ಮುಂದಿನ ಬೆಂಚಿನಲ್ಲಿ ಕೂತ. ಭಾಷಣ ಮುಗಿದ ಮೇಲೆ ಬ್ರಾಹ್ಮಣ ವಕೀಲರೊಬ್ಬರ ಶಿಧಾದ ಗಂಟಿನ ಪಕ್ಕದಲ್ಲಿದ್ದ ತನ್ನ ಗಂಟು ಎತ್ತಿಕೊಂಡು, ಪಂಕ್ತಿಗಳ ನಡುವೆಯೇ ಹಾದು ಹೋದ. ಎಲ್ಲರೂ ಉಣ್ಣುವುದು ನಿಲ್ಲಿಸಿ ನೋಡಿದರು ಎಂದು ಬರೆಯಲು ಕೈ ಬರುತ್ತಿದೆ, ಆದರೆ ನಾನು ಅವರ ಮುಖ ನೋಡಿರಲಿಲ್ಲ.

ಆ ಅಕ್ಕಿ, ಆ ತುಪ್ಪ ಅವನ ಮನೆಯಲ್ಲಿ ಬೆಂದಿತೋ, ದಾರಿಯಲ್ಲಿ ಯಾರಿಗಾದರೂ ಕೊಟ್ಟನೋ ಗೊತ್ತಿಲ್ಲ. ಆ ಜವಾಬು ನಮಗೆ ಹೊಡೆತವೋ, ನಮ್ಮನ್ನು ಕಷ್ಟದಿಂದ ಬಿಡಿಸಿದ್ದೋ, ಅದೂ ಗೊತ್ತಿಲ್ಲ. ನಾನು ಕೇಳಲಿಲ್ಲ.