ಭಾಲ್ಕಿಯಲ್ಲಿ ಮೂರು ಗಂಟೆ

ಕುವೈತಿನ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ನನ್ನ ಅಕ್ಕನಿಗೆ ಇಂಗ್ಲೆಂಡಿನ ಆಸ್ಪತ್ರೆಯಿಂದ ಆನ್‌ಲೈನ್ ಸಂದರ್ಶನದ ಕರೆ ಬಂದದ್ದು ಜುಲೈ ತಿಂಗಳಲ್ಲಿ. ಅಲ್ಲಿನ ಏಜೆನ್ಸಿಯವರು ತಮ್ಮ ಕ್ಯಾಲೆಂಡರಿನ ಸ್ಕ್ರೀನ್‌ಶಾಟ್ ಕಳಿಸಿದ್ದರು. ಅಕ್ಕ ಅದನ್ನು ಭಾಲ್ಕಿಯಲ್ಲಿದ್ದ ನನಗೆ ಕಳಿಸಿ, ಕೂಡಲೇ ಫೋನ್ ಮಾಡಿದಳು.

“ನಾಳಿ ಹತ್ತೂವರಿ ಅಂತ ಅದ. ಕುವೈತಿಗೆ ಎಷ್ಟಾತದ? ಡ್ಯೂಟಿ ಹನ್ನೆರಡಕ್ಕ ಬಿಡಿಸ್ಕೋಬೇಕೋ, ಒಂದಕ್ಕೋ? ಇನ್‌ಚಾರ್ಜ್ ಸಿಸ್ಟರ್ ಎದುರಿಗೇ ನಿಂತಾರ. ಲಗೂ ಹೇಳು.”

ಅಕ್ಕ ಓದಿದ್ದು ಡಿಪ್ಲೊಮಾ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲಿಗಳು ನಾನು. ಆದ್ದರಿಂದ ಇಂಥ ಪ್ರಶ್ನೆಗಳೆಲ್ಲ ನನಗೇ ಬರುತ್ತವೆ, ಪ್ರತಿ ಸಲವೂ ‘ಬಹುಶಃ’ ಎಂದೇ ಉತ್ತರ ಶುರು ಮಾಡುತ್ತೇನೆ.

ಅಕ್ಕನ ಸಂದರ್ಶನಕ್ಕಾಗಿ ನಮ್ಮ ಮನೆಯಲ್ಲಿ ಪ್ರಾರ್ಥನೆ ಎಷ್ಟು ಹೊತ್ತಿಗೆ ಇಟ್ಟುಕೊಳ್ಳಬೇಕೆಂದು ಕೇಳಲು ಬಂದಿದ್ದ ನಮ್ಮ ಚರ್ಚಿನ ಹಿರಿಯರು ಚಹಾ ಕುಡಿಯುತ್ತಿದ್ದರು. ಸಾಲೆಯಲ್ಲಿ ನನಗೆ ಭೂಗೋಳ ಕಲಿಸಿದ ಮಾಸ್ತರರೂ ಅವರೇ.

“ಗ್ರೀನಿಚ್ ಅಂದ್ರ ಸೊನ್ನಿ,” ಎಂದರು. “ಕುವೈತಿಗೆ ಮೂರು ತಾಸು ಕೂಡಸು, ಒಂದೂವರಿ. ನಮಗ ಐದೂವರಿ ಕೂಡಸು, ನಾಲ್ಕು. ನಾನೇ ಕಲಿಸೀನಿ, ಮರೆತೇನು?”

ನಾನು ಚಿತ್ರವನ್ನು ಹಿಗ್ಗಿಸಿದೆ. ಸಮಯದ ಕೆಳಗೆ ಸಣ್ಣ ಅಕ್ಷರಗಳಲ್ಲಿ ‘GMT+01:00’ ಎಂದಿತ್ತು.

“ಸರ್, ಇಲ್ಲಿ ಒಂದು ಕೂಡಿಸ್ಯಾರ್ರಿ. ಬ್ಯಾಸಗಿಯಾಗ ಅವರು ಗಡಿಯಾರ ಒಂದು ತಾಸು ಮುಂದ ಇಡ್ತಾರ್ರಿ.”

“ಸೂರ್ಯನೂ ಅವರ ಮಾತು ಕೇಳ್ತಾನೇನ್ರೀ, ಡಿಗ್ರಿ ಬಾಯಿ?”

‘ಬಾಯಿ’ ಎಂದು ದೊಡ್ಡ ಹೆಂಗಸಿನಂತೆ ಕರೆದದ್ದಕ್ಕೆ ಅವ್ವ ನಕ್ಕುಬಿಟ್ಟಳು. ಗುರುಗಳಿಗೆ ಎದುರು ನುಡಿಯುವುದು ನನ್ನ ಅಭ್ಯಾಸವಲ್ಲ. ಫೋನಿನ ಗಡಿಯಾರದಲ್ಲಿ ಲಂಡನ್ ನಗರವನ್ನು ಸೇರಿಸಿ ನೋಡಿದೆ. ಅದು ನಮಗಿಂತ ನಾಲ್ಕೂವರೆ ತಾಸು ಮಾತ್ರ ಹಿಂದಿತ್ತು. ಕುವೈತಿಗಿಂತ ಎರಡೇ ತಾಸು.

“ಅಕ್ಕಾ, ನಿನಗ ಹನ್ನೆರಡೂವರಿ, ನಮಗ ಮೂರು. ಡ್ಯೂಟಿ ಹನ್ನೆರಡಕ್ಕೇ ಬಿಡಿಸ್ಕೋ.”

“ಖಾತ್ರಿನಾ? ತಪ್ಪಿದ್ರ ಇನ್ನೊಂದು ಸಲ ಕರ್ಯಾಂಗಿಲ್ಲ ನೋಡು.”

“ಖಾತ್ರಿ.” ‘ಬಹುಶಃ’ ಎಂಬ ಮಾತಿಲ್ಲದೆ ನಾನು ಕೊಟ್ಟ ಮೊದಲ ಉತ್ತರ ಅದಾಗಿದ್ದೀತು.

“ನಾ ನಾಲ್ಕಕ್ಕೇ ಬರ್ತೇನಿ,” ಎಂದು ಮಾಸ್ತರರು ಚಪ್ಪಲಿ ಮೆಟ್ಟಿಕೊಂಡು ಹೋದರು.

ಮರುದಿನ ಮೂರು ಗಂಟೆಗೆ ಅವ್ವ, ನಾನು ಇಬ್ಬರೇ ಮೊಣಕಾಲೂರಿದೆವು. ಅವ್ವ ಅಕ್ಕನಿಗಾಗಿ ಬೇಡಿಕೊಂಡಳು. ನಾನು ಆ ಒಂದು ತಾಸಿಗಾಗಿ.

ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗಲೇ ಫೋನು ಬಂತು. “ನಾ ಕೂತೆ, ಅವರೂ ಬಂದ್ರು, ಬರೋಬ್ಬರಿ ಹನ್ನೆರಡೂವರಿ! ತಗೊಂಡ್ರವ್ವಾ, ನನ್ನ ತಗೊಂಡ್ರು! ಬಾಯಿಲೇ ಹೇಳ್ಯಾರ, ಪತ್ರ ಆಮ್ಯಾಲ ಬರ್ತದಂತ!”

ಅವ್ವ ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಳು. ಆಗ ಮಾಸ್ತರರು ಬೈಬಲನ್ನೂ ಹಾಡಿನ ಪುಸ್ತಕವನ್ನೂ ಕಂಕುಳಲ್ಲಿಟ್ಟುಕೊಂಡು ಹೊಸ್ತಿಲು ದಾಟಿದರು.

“ಪ್ರಾರ್ಥನಿ ಶುರು ಮಾಡೋಣೇನು?”

“ಮುಗದೇ ಹೋತ್ರಿ ಸರ್, ಪಾಸಾದ್ಲು!” ಎಂದು ಅವ್ವ ಅವರ ಬಾಯಿಗೇ ಸಕ್ಕರೆ ಹಾಕಿದಳು.

ಮಾಸ್ತರರು ಗೋಡೆಯ ಗಡಿಯಾರ ನೋಡಿದರು, ನನ್ನನ್ನು ನೋಡಿದರು. ಬಾಯಲ್ಲಿದ್ದ ಸಕ್ಕರೆ ನುಂಗಿದರು. ಆಮೇಲೆ ಹಾಡಿನ ಪುಸ್ತಕ ತೆರೆದು ನನ್ನ ಕೈಗೆ ಕೊಟ್ಟರು.

“ಬೇಡೋದು ಮುಗೀತು, ಇನ್ನ ಸ್ತುತಿ. ಹೊತ್ತು ನೋಡಾಕಿ ನೀನೇ, ಡಿಗ್ರಿ ಬಾಯಿ. ನೀನೇ ಎತ್ತು ಹಾಡು.”

ಚರ್ಚಿನಲ್ಲಿ ಸದಾ ಹಿಂದಿನ ಸಾಲಿನಲ್ಲಿ ತುಟಿಯಷ್ಟೇ ಆಡಿಸುತ್ತಿದ್ದ ನಾನು ಅಂದು ಬಾಗಿಲು ತೆರೆದಿಟ್ಟೇ, ಓಣಿಗೆಲ್ಲ ಕೇಳುವಂತೆ ಹಾಡು ಎತ್ತಿದೆ.