ಎಂಟರ್ ಕೀಲಿಯ ಕೆಳಗಿನ ಕುಂಕುಮ

ಮುದ್ದೇಬಿಹಾಳದ ಆ ಕಚೇರಿಯಲ್ಲಿ ಖಂಡೇಪೂಜೆ, ಅಂದರೆ ದಸರೆಯ ಆಯುಧಪೂಜೆ, ಯಾವಾಗಲೂ ಹಬ್ಬದ ಹಿಂದಿನ ದಿನವೇ ನಡೆಯುತ್ತದೆ. ಹಬ್ಬಕ್ಕೆ ರಜೆ, ರಜೆಯ ದಿನ ಬಂದು ಬೀಗ ತೆಗೆಯುವವರು ಯಾರೂ ಇಲ್ಲ. ಆದ್ದರಿಂದ ಹಿಂದಿನ ಸಂಜೆ ಕಪಾಟು, ಪ್ರಿಂಟರ್, ಜೀಪು, ಕಂಪ್ಯೂಟರ್ ಎಲ್ಲಕ್ಕೂ ವಿಭೂತಿ ಬಳಿದು, ಕುಂಕುಮವಿಟ್ಟು, ಚೆಂಡುಹೂ ಏರಿಸುತ್ತಾರೆ. ಸಾಹೇಬರು ತಾವೇ ಕಾಯಿ ಒಡೆದು, ಹೋಳಿನಲ್ಲಿ ಉಳಿದ ನೀರಿನಲ್ಲಿ ಬೆರಳು ಅದ್ದಿ ಎಲ್ಲದರ ಮೇಲೂ ಚಿಮುಕಿಸುತ್ತಾರೆ. ಆ ವರ್ಷ ಚಿಮುಕಿಸಿದ್ದು ಸಾಲದೆನಿಸಿ, ಹೋಳನ್ನೇ ಕೀಲಿಮಣೆಯ ಮೇಲೆ ಬಗ್ಗಿಸಿದ್ದರಂತೆ. ಅದನ್ನು ನಾನು ನೋಡಿಲ್ಲ. ನೋಡಿದ್ದು ಅಲ್ಲಿ ಹೊರಗುತ್ತಿಗೆಯ ಮೇಲೆ ಆಪರೇಟರ್ ಆಗಿದ್ದ ನನ್ನ ಅಕ್ಕ. ಅವಳು ನೋಡಿ ಸುಮ್ಮನಿದ್ದಳು. ವರ್ಷಕ್ಕೊಮ್ಮೆ ಮರುನೇಮಕವಾಗಬೇಕಾದವರು ಪೂಜೆಯ ನಡುವೆ ಬಾಯಿ ಹಾಕುವುದಿಲ್ಲ.

ಹಬ್ಬ ಮುಗಿದು ಕಚೇರಿ ತೆರೆದ ದಿನ ಮಧ್ಯಾಹ್ನ ಅವಳ ಫೋನು ಬಂತು. ನಾನು ಧಾರವಾಡದಲ್ಲಿ ಎಂ.ಎ. ಮುಗಿಸಿಕೊಂಡು ಬಂದು ಅವಳ ಮನೆಯಲ್ಲೇ ಉಳಿದಿದ್ದೆ. ಅಕ್ಕ ಗಟ್ಟಿಯಾಗಿ ಮಾತಾಡುವವಳು. ಅಂದು ಮಾತ್ರ ಬಾಯಿಗೆ ಕೈ ಅಡ್ಡ ಹಿಡಿದವಳಂತೆ ಕೇಳಿಸುತ್ತಿದ್ದಳು.

“ನಿನ್ನ ಕೀಬೋರ್ಡ್ ತಗೊಂಡ್ ಲಗೂ ಬಾ. ನನ್ನ ಕೆಲಸ ಹೋಗೂ ಹಂಗ ಆಗೇತಿ.”

ಇಷ್ಟು ಹೇಳಿ ಇಟ್ಟುಬಿಟ್ಟಳು. ನಾನು ನನ್ನ ದೊಡ್ಡ ಮೆಕ್ಯಾನಿಕಲ್ ಕೀಲಿಮಣೆಯನ್ನು ಅದರ ಡಬ್ಬಿಯ ಸಮೇತ ಚೀಲಕ್ಕೆ ತುರುಕಿ ಓಡಿದೆ.

ಅಲ್ಲಿ ಆದದ್ದು ಇಷ್ಟು. ತಾಲೂಕಿನ ಹೆಣ್ಣುಮಕ್ಕಳ ವಸತಿನಿಲಯಕ್ಕೆ ಆಯ್ಕೆಯಾದವರ ವಿವರಗಳನ್ನು ಅಂದು ಸಂಜೆ ಐದರೊಳಗೆ ಜಾಲತಾಣದಲ್ಲಿ ತುಂಬಿ ಮುಗಿಸಬೇಕಿತ್ತು. ಅಕ್ಕ ಯಂತ್ರ ಹಚ್ಚಿ ಕೂತರೆ ಎಂಟರ್ ಕೀಲಿ ಕೆಳಗಿಳಿದದ್ದು ಮೇಲೇಳುತ್ತಿಲ್ಲ. ಒತ್ತಿ ಹಿಡಿದ ಕೀಲಿಯನ್ನು ಯಂತ್ರ ಮತ್ತೆ ಮತ್ತೆ ಒತ್ತಿದಂತೆಯೇ ತಿಳಿಯುತ್ತದೆ. ತಂಗಡಗಿಯ ಒಬ್ಬ ಹುಡುಗಿಯ ಹೆಸರಿನ ಮೊದಲ ಅಕ್ಷರ ಬೀಳುವಷ್ಟರಲ್ಲಿ ಪುಟ ತನ್ನಷ್ಟಕ್ಕೆ ಸಲ್ಲಿಕೆಯಾಯಿತು. ಮುಂದಿನದೂ ಹಾಗೆಯೇ. ಅರೆಬರೆ ದಾಖಲೆಗಳೆರಡೂ ಅಕ್ಕನ ಲಾಗಿನ್ ಹೆಸರಿನಲ್ಲಿ ಹೋದವು. ತಿದ್ದುವ ಅವಕಾಶವಿದ್ದದ್ದೂ ಅದೇ ಐದರವರೆಗೆ.

ಇದನ್ನೆಲ್ಲ ಅವಳು ಸಾಹೇಬರಿಗೆ ತಿಳಿಸಿದಳು. ಅವರು ಅವಳ ಎದುರಿಗೇ ಜಿಲ್ಲಾ ಕಚೇರಿಗೆ ಫೋನು ಹಚ್ಚಿ, ಆಪರೇಟರ್ ಕೀಬೋರ್ಡಿನ ಮೇಲೆ ಚಹಾ ಚೆಲ್ಲಿದ್ದಾಳೆ, ಕೆಲಸ ತಡವಾದರೆ ಜವಾಬ್ದಾರಿ ಅವಳದು, ಏಜೆನ್ಸಿಗೆ ಹೇಳಿ ಬೇರೆಯವರನ್ನು ಕಳಿಸಿ ಎಂದರು. ಚಹಾ! ನಾಲ್ಕು ಗೋಡೆಗಳ ನಡುವೆ, ತಾನೇ ಸುರಿದ ನೀರನ್ನು ಇನ್ನೊಬ್ಬರ ಕೈಯ ಲೋಟಕ್ಕೆ ವರ್ಗಾಯಿಸಲು ಒಬ್ಬ ಅಧಿಕಾರಿಗೆ ಒಂದು ಕರೆ ಸಾಕಾಯಿತು. ನಮ್ಮ ಕಚೇರಿಗಳಲ್ಲಿ ಹೊಣೆ ಎಂಬುದು ಎಂದೂ ಏಣಿ ಹತ್ತುವುದಿಲ್ಲ. ಇಳಿದು ಇಳಿದು, ಕಾಯಂ ಕುರ್ಚಿ ಇಲ್ಲದವರ ಹೆಗಲು ಸಿಕ್ಕ ಮೇಲೆಯೇ ನಿಲ್ಲುತ್ತದೆ.

ನನ್ನ ಕೀಲಿಮಣೆ ಉಪಯೋಗಕ್ಕೆ ಬರಲಿಲ್ಲ. ಆ ಹಳೆಯ ಯಂತ್ರದ ಯುಎಸ್‌ಬಿ ಕಿಂಡಿಗಳನ್ನೆಲ್ಲ, ಯಾರೂ ಪೆನ್‌ಡ್ರೈವ್ ಹಚ್ಚಬಾರದೆಂದು, ಇಲಾಖೆಯವರು ಬಂದ್ ಮಾಡಿಸಿದ್ದರು. ವೈರಿನ ತುದಿಯಲ್ಲಿ ದುಂಡು ಪಿನ್ನಿರುವ ಹಳೆಯ ಮಾದರಿಯ ಕೀಲಿಮಣೆಯೊಂದೇ ಅದಕ್ಕೆ ಗತಿ. ಅಂಥದ್ದು ಪೇಟೆಯ ಅಂಗಡಿಗಳಲ್ಲಿ ಇಲ್ಲವೆಂದು ಅಕ್ಕ ಆಗಲೇ ಫೋನು ಮಾಡಿ ತಿಳಿದುಕೊಂಡಿದ್ದಳು. ಪರದೆಯ ಮೇಲೆ ಮೂಡುವ ಕೀಲಿಗಳನ್ನು ಮೌಸಿನಿಂದ ಒತ್ತಿ ನೋಡಿದ್ದಳಂತೆ. ಒಂದು ಹೆಸರಿಗೇ ಅಷ್ಟು ಹೊತ್ತಾದರೆ ಊರೂರಿನ ಹುಡುಗಿಯರನ್ನು ಐದರೊಳಗೆ ಮುಗಿಸುವುದು ಆಗದ ಮಾತು.

ಅಷ್ಟರಲ್ಲಿ ಸಾಹೇಬರು ಚಾಕು ಹಿಡಿದು ಬಂದರು. ಕಾಯಿಯ ಹೋಳಿನಿಂದ ಕೊಬ್ಬರಿ ಎಬ್ಬಿಸುವ ಚಾಕು ಅದು. ಪ್ರಸಾದ ಹಂಚಿದ ಮೇಲೆ ಕಿಟಕಿಯಲ್ಲೇ ಉಳಿದಿತ್ತು. ಕೊಬ್ಬರಿಯನ್ನು ಎಬ್ಬಿಸಿದ ಹಾಗೆಯೇ ಕೀಲಿಯನ್ನೂ ಒಂದು ಅಂಚಿನಿಂದ ಎಬ್ಬಿಸುವುದು ಅವರ ಆಲೋಚನೆ.

“ಸರಿಯವ್ವಾ ಅತ್ಲಾಗ. ಒಂದ್ ಮೀಟಾ ಮೀಟಿದ್ರ ಏಳತೈತಿ.”

ನಾನು ಕೀಲಿಯ ಮೇಲೆ ಅಂಗೈ ಇಟ್ಟೆ. ಎಂಟರ್ ಸಣ್ಣ ಕೀಲಿಯಲ್ಲ, ಅಗಲವಾದದ್ದು. ಯಾವ ಮೂಲೆ ಒತ್ತಿದರೂ ಇಡೀ ಕೀಲಿ ಸಮನಾಗಿ ಇಳಿಯಲೆಂದು ಅದರಡಿ ಒಂದು ಉಕ್ಕಿನ ತಂತಿ ಇರುತ್ತದೆ. ತಂತಿಯ ತುದಿಗಳು ಕೀಲಿಯ ಎರಡು ಪ್ಲಾಸ್ಟಿಕ್ ಕಿವಿಗಳಲ್ಲಿ, ತಂತಿಯ ನಡುಭಾಗ ಕೀಲಿಮಣೆಯ ತಳದ ಕೊಕ್ಕೆಗಳಲ್ಲಿ ಕೂತಿರುತ್ತದೆ. ಒಂದೇ ಅಂಚಿನಿಂದ ಮೀಟಿದರೆ ಕಿವಿಯಾದರೂ ಮುರಿಯುತ್ತದೆ, ಕೊಕ್ಕೆಯಾದರೂ ಮುರಿಯುತ್ತದೆ. ಆಮೇಲೆ ಆ ಕೀಲಿ ಎಂದೂ ನೆಟ್ಟಗೆ ಕೂರುವುದಿಲ್ಲ. ಇದನ್ನು ನಾನು ನನ್ನ ಸ್ವಂತ ಕೀಲಿಮಣೆಯನ್ನು ಬಿಚ್ಚಿ ಕಟ್ಟುತ್ತ ಕಲಿತದ್ದು. ವಿವರಿಸಿದೆ. ಸಾಹೇಬರು ಕೇಳಿಸಿಕೊಂಡು, ಹಾಗಾದರೆ ಎರಡು ಹನಿ ಎಣ್ಣೆ ಬಿಡೋಣ ಎಂದರು. ಎಣ್ಣೆ ಬಿಟ್ಟರೆ ಧೂಳೆಲ್ಲ ಅಲ್ಲೇ ಮೆತ್ತಿಕೊಂಡು ಇನ್ನೂ ಕೆಡುತ್ತದೆ ಎಂದೆ. ಅವರು ಚಾಕುವನ್ನು ಕಿಟಕಿಯಲ್ಲಿಟ್ಟು ಒಳಗೆ ಹೋದರು. ಹೋಗುವಾಗ ಅಕ್ಕನ ಕಡೆ ನೋಡಿ ಅಂದದ್ದು ನನಗೆ ಇಂದಿಗೂ ಮರೆತಿಲ್ಲ:

“ನಿಮ್ ತಂಗಿ ಬಾಳ ಓದ್ಯಾಳ. ಮುರೀತಂದ್ರ ಅದೂ ನಿನ್ ಹೆಸರಿಗೇ ಬರತೈತಿ ನೋಡು.”

ಕುರ್ಚಿಯ ಹಿಡಿಕೆಯನ್ನು ಹಿಡಿದ ಅಕ್ಕನ ಬೆರಳ ಗಣ್ಣುಗಳು ಬಿಳಿಚಿದ್ದವು. ಭಾವ ಊರಲ್ಲೇ ಇದ್ದರೂ ಮನೆ ನಡೆಯುತ್ತಿದ್ದದ್ದು ಈ ಕುರ್ಚಿಯ ಸಂಬಳದ ಮೇಲೆ.

ಮೊದಲು ಯಂತ್ರವನ್ನು ಪೂರ್ತಿ ಆರಿಸಿದೆವು. ಕೀಲಿಮಣೆಯ ಆ ದುಂಡು ಪಿನ್ನನ್ನು ಯಂತ್ರ ಚಾಲೂ ಇರುವಾಗ ಕೀಳಬಾರದು. ಕೀಲಿಮಣೆಯನ್ನು ಬೋರಲು ಹಿಡಿದು ಬೆನ್ನು ತಟ್ಟಿದಾಗ ಒಣಗಿದ ಹೂವಿನ ಎಸಳು, ಕೆಂಪು ಪುಡಿ, ಒಂದಿಷ್ಟು ಅಕ್ಷತೆ ಉದುರಿದವು. ಎಂಟರ್ ಮಾತ್ರ ಕದಲಲಿಲ್ಲ. ಅಂಚುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿದೆ. ಬಲ ಅಂಚು ಸ್ವಲ್ಪ ಏಳುತ್ತಿತ್ತು, ಎಡ ಅಂಚು ಅಂಟಿಕೊಂಡಿತ್ತು. ಮುರಿದದ್ದಲ್ಲ, ಅಂಟಿದ್ದು. ಆ ಕ್ಷಣ ನನಗೆ ಸಿಕ್ಕ ಒಂದೇ ಸಮಾಧಾನ ಅದು.

ನನ್ನ ಡಬ್ಬಿಯಲ್ಲಿ ಕೀಲಿ ಎತ್ತುವ ತಂತಿಯ ಸಾಧನವಿತ್ತು. ಎರಡು ಕುಣಿಕೆಗಳ ಚಿಕ್ಕ ಚಿಮುಟದಂಥದ್ದು. ಕುಣಿಕೆಗಳನ್ನು ಕೀಲಿಯ ಎದುರುಬದುರು ಮೂಲೆಗಳಡಿ ನುಗ್ಗಿಸಿ ನೇರವಾಗಿ ಮೇಲಕ್ಕೆ ಎಳೆಯಬೇಕು. ಎಳೆದೆ. ಬರಲಿಲ್ಲ. ಇನ್ನಷ್ಟು ಎಳೆದರೆ ಕಿವಿ ಹೋಗುತ್ತದೆಂಬ ಭಯ, ಎಳೆಯದಿದ್ದರೆ ಅಕ್ಕನ ಕುರ್ಚಿ ಹೋಗುತ್ತದೆಂಬ ಭಯ. ಗೋಡೆಯ ಗಡಿಯಾರದ ಕಡೆ ನೋಡಬಾರದೆಂದುಕೊಂಡೇ ನೋಡಿದೆ.

ಆಗ ಅಕ್ಕ ಎದ್ದು ಎದುರಿನ ಔಷಧ ಅಂಗಡಿಯಿಂದ ಇಂಜೆಕ್ಷನ್ ಕೊಡುವ ಮೊದಲು ಒರೆಸುವ ಸ್ಪಿರಿಟ್ಟು, ಹತ್ತಿ ತಂದಳು. ಒಂದು ತೆಳು ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಹಿಂಡಿ, ಕೀಲಿಯ ಎಡ ಅಂಚಿನ ಸಂದಿಯಲ್ಲಿ ಸುಮ್ಮನೆ ಆಡಿಸಿದೆ. ಹಿಂಡದೆ ಬಿಟ್ಟರೆ ಸ್ಪಿರಿಟ್ಟು ಕೆಳಗಿಳಿದು ಕೀಲಿಯ ಕೆಳಗಿರುವ ರಬ್ಬರಿನಡಿಯ ತೆಳು ಹಾಳೆಗಳ ನಡುವೆ ಹರಡುತ್ತದೆ. ಕೀಲಿಯ ಒತ್ತನ್ನು ಯಂತ್ರಕ್ಕೆ ತಿಳಿಸುವ ಗೆರೆಗಳು ಇರುವುದು ಆ ಹಾಳೆಗಳ ಮೇಲೆಯೇ. ಸ್ವಲ್ಪ ಕಾದೆವು. ಮತ್ತೆ ಕುಣಿಕೆ ಹಾಕಿ, ಎಳೆಯದೆ, ಕೀಲಿಯನ್ನು ಕೂದಲೆಳೆಯಷ್ಟು ಅತ್ತಿತ್ತ ಅಲುಗಾಡಿಸಿದೆ. ಟಪ್ಪೆಂದು ಬಂತು. ಮುರಿಯಿತೆಂದೇ ತಿಳಿದು ಅಕ್ಕ ಕಣ್ಣು ಮುಚ್ಚಿದಳು. ಕಿವಿಗಳೆರಡೂ ನೆಟ್ಟಗಿದ್ದವು.

ಕೀಲಿಯಡಿ ಕಂಡದ್ದನ್ನು ನಾನು ಚೆನ್ನಾಗಿ ನೋಡಿದೆ. ಕೀಲಿಯ ಕಾಲು ಇಳಿಯುವ ಕೊಳವೆಯ ಸುತ್ತ, ಕಾಯಿನೀರಿನ ಸಿಹಿ ಒಣಗಿ ಗೋಂದಿನಂತಾಗಿ, ಅದರೊಳಗೆ ಕುಂಕುಮ ಕಲಸಿ, ಕೆಂಪು ಚಕ್ಕೆಗಟ್ಟಿತ್ತು. ತಂತಿಯೂ ಎಡಗಡೆ ಆ ಅಂಟಿನಲ್ಲೇ ಹೂತಿತ್ತು. ಚಹಾದ ಬಣ್ಣ ಹುಡುಕಿದರೂ ಇರಲಿಲ್ಲ.

ಕಡ್ಡಿಯ ತುದಿಯಿಂದ ಚಕ್ಕೆ ಬಿಡಿಸಿ, ಕೊಳವೆ, ಕಾಲು, ತಂತಿ ಒರೆಸಿದೆವು. ಹತ್ತಿ ಕೆಂಪಾಗುತ್ತ ಹೋಯಿತು; ಅಕ್ಕ ಒಂದೊಂದನ್ನೂ ಬಿಳಿಹಾಳೆಯ ಮೇಲೆ ಸಾಲಾಗಿ ಇಡುತ್ತಿದ್ದಳು. ಫ್ಯಾನಿನಡಿ ಪೂರ್ತಿ ಆರಿದ ಮೇಲೆ ತಂತಿಯನ್ನು ಮೊದಲು ಕೀಲಿಯ ಕಿವಿಗಳಿಗೆ ಸಿಕ್ಕಿಸಿ, ತಳದ ಕೊಕ್ಕೆಗಳಡಿ ಜಾರಿಸಿ, ಕೊನೆಗೆ ನಡುವೆ ಹೆಬ್ಬೆರಳಿನಿಂದ ಒತ್ತಿದೆ. ಕೂತಿತು. ಯಂತ್ರ ಹಚ್ಚಿ ಖಾಲಿ ಪುಟದಲ್ಲಿ ನೋಡಿದೆವು: ಒತ್ತಿದರೆ ಒಂದು ಸಾಲು, ಬಿಟ್ಟರೆ ನಿಂತಿತು. ಎಡ ಅಂಚು, ಬಲ ಅಂಚು, ನಡು, ಎಲ್ಲಿ ಒತ್ತಿದರೂ ಇಳಿದು ಎದ್ದಿತು.

ನನಗೆ ಅಳು ಬಂದಿತ್ತು. ಇನ್ನೂ ಹೊತ್ತಿದೆ, ತುಂಬು ಎಂದೆ. ಅಕ್ಕ ಕೈ ಎತ್ತಲಿಲ್ಲ. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಯಂತ್ರದ ಸದ್ದು ಕೇಳಿ ಸಾಹೇಬರು ಹೊರಬಂದರು. ಎದ್ದ ಕೀಲಿಯನ್ನು ಕಂಡು ನಕ್ಕರು, ಇನ್ನೇನು, ಶುರು ಮಾಡು ಎಂದರು. ಅಕ್ಕ ಕೆಂಪು ಹತ್ತಿಗಳ ಹಾಳೆಯನ್ನು ಮೇಜಿನ ಮೇಲೆ ಅವರ ಕಡೆ ಸರಿಸಿದಳು.

“ಚಹಾ ಅಲ್ರಿ ಸಾಹೇಬ್ರ ಇದು. ಮೊದ್ಲ ಫೋನ್ ಹಚ್ರಿ.”

“ಯಾರಿಗೆ?”

“ಮುಂಜಾನಿ ಹಚ್ಚಿದ್ರಲ್ರಿ, ಅವರಿಗೇ. ನನ್ನ ಹೆಸರ ತೆಗೀರಿ. ಆಮ್ಯಾಲ ತುಂಬ್ತೇನಿ.”

ಚಹಾದ ಮಾತು ಕೇಳಿದಾಗಿನಿಂದ ಸಾಹೇಬರನ್ನು ಏನೆಲ್ಲ ಕೇಳಬೇಕೆಂದು ನಾನು ಜೋಡಿಸಿಕೊಂಡಿದ್ದೆ. ಆದರೆ ಆಗ ನಾನು ಅವಳ ಭುಜ ಹಿಡಿದು, ಬೇಡ ಅಕ್ಕ, ಹೊತ್ತಾಗುತ್ತದೆ ಎಂದೆ. ಅವಳು ನನ್ನ ಕೈಯನ್ನು ಸರಿಸಿದಳು. ಸಾಹೇಬರು ಬೈದರು, ಹೆದರಿಸಿದರು, ಆ ಹುಡುಗಿಯರ ಹೆಸರು ಹೇಳಿ ಮನಸ್ಸು ಕರಗಿಸಲೂ ನೋಡಿದರು. ಅದು ನಿಜವಾಗಿ ಅವಳಿಗೆ ತಾಗಿತು. ಕೆನ್ನೆಯ ಮೇಲೆ ನೀರಿಳಿಯಿತು. ಆದರೂ ಕೈ ಮೇಲೆ ಬರಲಿಲ್ಲ. ಕೊನೆಗೆ ಗಡಿಯಾರಕ್ಕೆ ಹೆದರಿದವರು ಅವರೇ. ಯಾಕೆಂದರೆ ಐದಾದ ಮೇಲೆ ಬರುವ ಪ್ರಶ್ನೆ ಇಡೀ ಕಚೇರಿಗೆ ಬರುತ್ತಿತ್ತು.

ಅವರು ಫೋನು ಹಚ್ಚಿದರು. ಯಂತ್ರದ್ದೇ ಏನೋ ತಾಂತ್ರಿಕ ತೊಂದರೆ ಇತ್ತು, ಸರಿಯಾಯಿತು, ಆಪರೇಟರದ್ದು ತಪ್ಪಿಲ್ಲ ಎಂದರು. ಪೂಜೆಯ ಮಾತು, ನೀರಿನ ಮಾತು, ಸುಳ್ಳಿನ ಮಾತು ಯಾವುದೂ ಬರಲಿಲ್ಲ. ಅಕ್ಕ ಅಷ್ಟಕ್ಕೇ ತಲೆಯಾಡಿಸಿ, ಕೆಟ್ಟುಹೋದ ಎರಡು ದಾಖಲೆಗಳನ್ನು ಮೊದಲು ತೆರೆದಳು.

ಆಮೇಲೆ ನಾನು ಅರ್ಜಿಗಳನ್ನು ಓದಿ ಹೇಳುತ್ತಿದ್ದೆ, ಅವಳು ಬಡಿಯುತ್ತಿದ್ದಳು. ಪ್ರತಿ ಹೆಸರಿನ ಕೊನೆಗೆ ಎಂಟರ್ ಒತ್ತಿದಾಗಲೂ ಇಬ್ಬರೂ ಉಸಿರು ಹಿಡಿದು, ಅದು ಮೇಲೆದ್ದ ಮೇಲೆ ಬಿಡುತ್ತಿದ್ದೆವು. ಕೊನೆಯ ಹುಡುಗಿಯ ವಿವರ ಹೋದಾಗ ಐದಾಗಿರಲಿಲ್ಲ, ಪುಟ ಇನ್ನೂ ತೆರೆದೇ ಇತ್ತು. ಅಕ್ಕನ ಮರುನೇಮಕವೂ ಆ ವರ್ಷ ಆಯಿತು.

ಯಂತ್ರಕ್ಕೆ ತಾಂತ್ರಿಕ ತೊಂದರೆ ಇತ್ತೆಂಬ ಮಾತು ಜಿಲ್ಲಾ ಕಚೇರಿಯಲ್ಲಿ ಹಾಗೆಯೇ ಉಳಿದಿದೆ. ನೀರು ಸುರಿದ ಕೈ ಯಾರದೆಂದು ಅಲ್ಲಿ ಯಾರೂ ಕೇಳಿಲ್ಲ. ನಾನು ಕೇಳುತ್ತಿದ್ದೇನೆ. ಮರುವರ್ಷದ ಪೂಜೆಯ ಸಂಜೆ ಅಕ್ಕ ಕೀಲಿಮಣೆಯನ್ನು ಯಂತ್ರದಿಂದ ಕಳಚಿ, ವಸ್ತ್ರದಲ್ಲಿ ಸುತ್ತಿ, ತನ್ನ ಮಡಿಲಲ್ಲಿಟ್ಟುಕೊಂಡು ಕೂತಿದ್ದಳಂತೆ. ಸಾಹೇಬರು ಕಾಯಿಯ ಹೋಳು ಹಿಡಿದು ಅವಳ ಮೇಜಿನ ಬಳಿ ಬಂದು, ಒಂದು ಗಳಿಗೆ ನಿಂತು, ಮುಂದಿನ ಕಪಾಟಿಗೆ ಹೋದರಂತೆ.