ಮೂರು ಓರೆ ಇಟ್ಟಿಗೆ

ಡೊಂಬಿವಲಿ ಪೂರ್ವದಲ್ಲಿ, ವಡಾಪಾವ್ ಅಂಗಡಿಯ ಮೇಲಿನ ಫೋಟೊ ಸ್ಟುಡಿಯೋದಲ್ಲಿ ಕುಳಿತು ಜಯಲತಾ ಇಪ್ಪತ್ತೆರಡು ವರ್ಷದಿಂದ ಜನರನ್ನು ಮಾಯ ಮಾಡುತ್ತಿದ್ದಾಳೆ. ಡೈವೋರ್ಸಾದ ಅಳಿಯಂದಿರು, ಮಾತು ಬಿಟ್ಟ ಭಾವಂದಿರು, ಕರೆಯದಿದ್ದರೂ ಮದುವೆ ಫೋಟೊದ ನಡುವೆ ನಿಂತ ಸೊಸೈಟಿ ಸೆಕ್ರೆಟರಿ, ಎಲ್ಲರೂ ಅವಳ ಕಂಪ್ಯೂಟರ್ ಮೌಸಿಗೆ ಬಲಿ. ಕಾರ್ಕಳದ ಈ ಹೆಂಗಸಿಗೆ ಒಂದೇ ಜಂಬ: ತಾನು ಹಾಕಿದ ತೇಪೆಯನ್ನು ಹುಟ್ಟಿದವರು ಯಾರೂ ಹಿಡಿಯಲಾರರು.

ಅವತ್ತು ಬೆಳಿಗ್ಗೆ ಕಲಬುರಗಿ ಕಡೆಯ ಗೌಂಡಿ ಶಿವರಾಯ ಮೊಬೈಲ್ ಹಿಡಿದು ಬಂದ. ಹೆಂಡತಿ ಮರಗಮ್ಮ ತೀರಿಕೊಂಡು ಎಂಟು ದಿನವಾಗಿತ್ತು. ಅವಳು ನಕ್ಕಿದ್ದ ಫೋಟೊ ಅದೊಂದೇ. ಬೆನ್ನ ಹಿಂದೆ, ಅವಳು ಇಟ್ಟಿಗೆ ಹೊತ್ತು ಅವನು ಕಟ್ಟಿದ ಗೋಡೆ, ಪಕ್ಕದಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತ ಮುಕಾದಮ, ಅಂದರೆ ಕೂಲಿಯಾಳುಗಳ ಮೇಸ್ತ್ರಿ. ಆ ಮುಕಾದಮ ಹೋಗಬೇಕು, ಸಂಜೆ ಊರಿನ ಗಾಡಿ, ಅಷ್ಟರೊಳಗೆ ಫ್ರೇಮ್ ಬೇಕು ಎಂದ.

ಜಯಲತಾ ಮೊದಲು ಆ ಕೆಲಸವನ್ನು ಕಂಪ್ಯೂಟರಿಗೇ ಬಿಟ್ಟಳು. ಅದು ಮುಕಾದಮನ ಜಾಗದಲ್ಲಿ ಕರಗಿದ ಚಾಕೊಲೇಟಿನಂಥ ಇಟ್ಟಿಗೆ ತುಂಬಿತು, ಒಂದು ಮೊಣಕೈಯನ್ನೂ ಉಳಿಸಿತು. ಥೂ ಎಂದು ಅಳಿಸಿ, ಮೂಲ ಚಿತ್ರವನ್ನು ಮುಟ್ಟದೆ ಅದರ ಮೇಲೊಂದು ಹೊಸ ಪದರ ತೆರೆದು, ಕೈಯಿಂದಲೇ ಶುರು ಮಾಡಿದಳು. ಗೋಡೆಯ ಬೇರೆ ಕಡೆಯಿಂದ ದೊಡ್ಡ ತುಂಡುಗಳನ್ನು ಎತ್ತಿ, ಸಿಮೆಂಟಿನ ಗೆರೆಗೆ ಗೆರೆ ಕೂಡಿಸಿದಳು. ಒಂದು ಸಾಲಿನ ಸಂದು ಮೇಲಿನ ಸಾಲಿನ ಇಟ್ಟಿಗೆಯ ನಡುವಿಗೆ ಬರಬೇಕು; ಅದಕ್ಕೇ ಮೇಲಿಂದ ನಕಲು ಮಾಡುವಾಗ ಎರಡೋ ನಾಲ್ಕೋ ಸಾಲು, ಹೀಗೆ ಜೋಡಿ ಲೆಕ್ಕದಲ್ಲೇ ಕೆಳಗಿಳಿಸಿದಳು. ಎಡಗಡೆ ನೆರಳಿತ್ತು, ಆ ಇಟ್ಟಿಗೆಗಳನ್ನು ಬಿಸಿಲಿಗೆ ತರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮುಕಾದಮ ಹುಟ್ಟಿಯೇ ಇರಲಿಲ್ಲ ಎನ್ನುವ ಹಾಗಿತ್ತು.

ಶಿವರಾಯ ಪರದೆಯ ಮುಂದೆ ಬಗ್ಗಿದ. ಗೋಡೆಯನ್ನು ಕೆಳಗಿನಿಂದ ಸಾಲು ಸಾಲಾಗಿ ಬೆರಳಲ್ಲಿ ಎಣಿಸುತ್ತ ಹೋಗಿ ನಿಂತ.

"ಅಕ್ಕಾರ, ಓರೆ ಇಟ್ಟಂಗಿ ಮೂರ ಆಗ್ಯಾವಲ್ರಿ."

ಜಯಲತಾಳ ಮುಖ ಇಂಗು ತಿಂದ ಮಂಗನಂತಾಯಿತು. ನಿಜ. ತುಂಡು ಎತ್ತುವಾಗ ಓರೆಯಾಗಿ ಕೂತ ಒಂದು ಇಟ್ಟಿಗೆಯೂ ಜೊತೆಗೆ ಬಂದು, ಅದೇ ಮುಕ್ಕಾದ ಮೂಲೆಯೊಂದಿಗೆ, ಮೂಲದ್ದೂ ಸೇರಿ ಮೂರು ಕಡೆ ಕೂತಿತ್ತು. ಒಂದೇ ಗುರುತು ಎರಡನೇ ಸಲ ಕಂಡರೆ ತೇಪೆ ಬಯಲು ಎಂದು ಊರಿಗೆಲ್ಲ ಪಾಠ ಹೇಳುವವಳು ಇವಳೇ. ನಾಚಿಕೆಯಾಯಿತು. ಮೂರನ್ನೂ ತೆಗೆದು ನೇರ ಇಟ್ಟಿಗೆ ಕೂಡಿಸುತ್ತೇನೆ, ಗೋಡೆ ಚಂದ ಕಾಣುತ್ತದೆ ಎಂದಳು.

"ಮೂರೂ ಬ್ಯಾಡ್ರಿ, ಎರಡ ತಗೀರಿ," ಎಂದ ಶಿವರಾಯ. ಮರಗಮ್ಮನ ಭುಜದ ಹತ್ತಿರದ ಇಟ್ಟಿಗೆಯ ಮೇಲೆ ಬೆರಳಿಟ್ಟ. "ಇದು ಆಕಿ ಇಟ್ಟದ್ದು. ನಾ ಊಟಕ್ಕ ಕುಂತಾಗ ಹಟ ಮಾಡಿ ಇಟ್ಲು. ಅದಕ್ಕ ನಕ್ಕಾಳ."

ಜಯಲತಾ ಹೊಸ ಪದರವನ್ನು ಮರೆಮಾಡಿ ಮೂಲ ಚಿತ್ರ ನೋಡಿದಳು. ಅವನು ಬೆರಳಿಟ್ಟದ್ದೇ ಅಸಲಿ. ಉಳಿದೆರಡರ ಮೇಲೆ ಬೇರೆ ಬೇರೆ ಕಡೆಯ ಇಟ್ಟಿಗೆ ಕೂಡಿಸಿದಳು. ಮುಕಾದಮ ಏನೂ ಅನ್ನಲಿಲ್ಲವೇ ಎಂದು ಕೇಳಿದಳು.

"ಫೋಟೊ ತಗದ ಮ್ಯಾಲ ನೋಡಿದ. ಎಲ್ಲಾರ ಮುಂದ ಆಕಿಗೆ ಬೈದ," ಎಂದ ಶಿವರಾಯ. "ಅವತ್ತ ನಾ ಬಾಯಿ ಬಿಡಲಿಲ್ರಿ."